ಬೆಲೆ ಇಳಿದರೂ ಸಾಲ ಇಳಿಯುವುದಿಲ್ಲ

ಷೇರು ಖರೀದಿಯ ಮೊಬೈಲ್ ಆ್ಯಪ್‌ಗಳಲ್ಲಿ ಇತ್ತೀಚೆಗೆ ಎಂಟಿಎಫ್ ಎಂಬ ಮೂರಕ್ಷರ ಎದ್ದು ಕಾಣುತ್ತದೆ. ಮಾರ್ಜಿನ್ ಟ್ರೇಡಿಂಗ್ ಫೆಸಿಲಿಟಿ ಎಂಬುದರ ಕಿರುರೂಪ ಅದು. ಅದನ್ನು ಆರಿಸಿಕೊಂಡರೆ ಷೇರಿನ ಪೂರ್ತಿ ಬೆಲೆಯನ್ನು ನೀವು ಕೊಡಬೇಕಿಲ್ಲ. ಒಂದು ಪಾಲು ನಿಮ್ಮದು, ಉಳಿದದ್ದು ಬ್ರೋಕರ್ ಕೊಡುವ ಸಾಲ. ನೀವು ಹಾಕುವ ಆ ಪಾಲಿಗೆ ಮಾರ್ಜಿನ್ ಎನ್ನುತ್ತಾರೆ. ಕೊಂಡ ಷೇರು ನಿಮ್ಮ ಡಿಮ್ಯಾಟ್ ಖಾತೆಯಲ್ಲೇ ಇರುತ್ತದೆ, ಆದರೆ ಬ್ರೋಕರ್ ಹೆಸರಿಗೆ ಅಡವಿನಲ್ಲಿರುತ್ತದೆ. ಈ ಸೌಲಭ್ಯಕ್ಕೆ ಒಪ್ಪಿಗೆ ಕೊಡುತ್ತೀರಲ್ಲ, ಅದು ಅಡವಿನ ಪತ್ರಕ್ಕೆ ಹಾಕಿದ ಸಹಿ.

ಇದು ಕಾನೂನುಬದ್ಧ ಸೌಲಭ್ಯ. ಯಾವ ಷೇರಿಗೆ ಸಾಲ ಕೊಡಬಹುದು, ಕೊಳ್ಳುವವರು ಕನಿಷ್ಠ ಎಷ್ಟು ಹಾಕಬೇಕು ಎಂಬುದಕ್ಕೆಲ್ಲ ಸೆಬಿಯ ನಿಯಮಗಳಿವೆ. ಒಂದು ಲಕ್ಷ ಇದ್ದವರು ಎರಡು ಲಕ್ಷದ ಷೇರು ಕೊಳ್ಳಬಹುದು, ಲಾಭ ಬಂದರೆ ಎರಡರಷ್ಟು ಬರುತ್ತದೆ ಎಂಬ ಮಾತೂ ಸುಳ್ಳಲ್ಲ. ನಷ್ಟವೂ ಎರಡರಷ್ಟು ಎಂಬುದನ್ನು ಬಹಳ ಜನ ಕೇಳಿಯೇ ಇರುತ್ತಾರೆ. ಆದರೆ ಕೆಳಗಿಳಿಯುವಾಗ ಅದು ಬರೀ ಎರಡರಷ್ಟಕ್ಕೆ ನಿಲ್ಲುವುದಿಲ್ಲ. ಅದು ಹೇಗೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಒಬ್ಬರ ಬಳಿ 1 ಲಕ್ಷ ರೂಪಾಯಿ ಇದೆ ಎಂದಿಟ್ಟುಕೊಳ್ಳೋಣ. ಅವರು ಕೊಳ್ಳಬೇಕೆಂದಿರುವ ಷೇರಿನ ಬೆಲೆ 500 ರೂಪಾಯಿ. ಸ್ವಂತ ಹಣದಲ್ಲಷ್ಟೇ ಕೊಂಡರೆ 200 ಷೇರು ಬರುತ್ತದೆ. ಬ್ರೋಕರ್ ಬಳಿ ಇನ್ನೊಂದು ಲಕ್ಷ ಸಾಲ ತೆಗೆದರೆ 400 ಷೇರು. ಬಡ್ಡಿ ದಿನಕ್ಕೆ ಶೇ 0.04 ಎಂದುಕೊಳ್ಳಿ. ಅಂದರೆ ಲಕ್ಷಕ್ಕೆ ದಿನಕ್ಕೆ 40 ರೂಪಾಯಿ. ಕೇಳಲು ಚಹಾ ತಿಂಡಿಯ ಖರ್ಚಿನಷ್ಟು ಅನ್ನಿಸುತ್ತದೆ. ಆದರೆ ಶನಿವಾರ, ಭಾನುವಾರ, ಹಬ್ಬದ ರಜೆ ಯಾವುದೂ ಬಿಡುವಿಲ್ಲದೆ ಅದು ಸೇರುತ್ತಲೇ ಹೋಗುತ್ತದೆ. 100 ದಿನಕ್ಕೆ 4,000, ವರ್ಷಕ್ಕೆ 14,600 ರೂಪಾಯಿ. ವರ್ಷದ ಲೆಕ್ಕದಲ್ಲಿ ಇದು ಶೇ 14.6ರ ಬಡ್ಡಿ.

ನೂರು ದಿನ ಕಳೆದ ಮೇಲೆ ಷೇರಿನ ಬೆಲೆ ಶೇ 20ರಷ್ಟು ಏರಿ 600 ಆಯಿತು ಎನ್ನಿ. ಸಾಲ ಮಾಡದವರ 200 ಷೇರಿಗೆ 1,20,000 ಬರುತ್ತದೆ, ಲಾಭ 20,000. ಸಾಲ ಮಾಡಿದವರ 400 ಷೇರಿಗೆ 2,40,000. ಅದರಲ್ಲಿ ಬ್ರೋಕರ್‌ನ ಅಸಲು 1 ಲಕ್ಷ, ಬಡ್ಡಿ 4,000 ಕಳೆದರೆ ಕೈಯಲ್ಲಿ 1,36,000 ಉಳಿಯುತ್ತದೆ. ಷೇರು ಏರಿದ್ದು ಶೇ 20, ಅವರ ಹಣ ಬೆಳೆದದ್ದು ಶೇ 36.

ಈಗ ಅದೇ ಷೇರು ಅಷ್ಟೇ ಇಳಿದು 400 ಆಗಲಿ. ಸಾಲ ಮಾಡದವರ ಹಣ 80,000ಕ್ಕೆ ಬಂದು ನಿಲ್ಲುತ್ತದೆ. ಸಾಲ ಮಾಡಿದವರ 400 ಷೇರಿನ ಬೆಲೆ 1,60,000. ಬ್ರೋಕರ್‌ಗೆ ಕೊಡಬೇಕಾದದ್ದು ಮಾತ್ರ ಮೊದಲಿನ 1,04,000ವೇ. ಉಳಿಯುವುದು 56,000. ಷೇರು ಕಳೆದುಕೊಂಡದ್ದು ಶೇ 20, ಅವರು ಕಳೆದುಕೊಂಡದ್ದು ಶೇ 44.

ಲಾಭ 36 ಆದರೆ ನಷ್ಟ 44 ಏಕೆ? ಬಡ್ಡಿ ಎರಡೂ ಕಡೆ ಕತ್ತರಿಸುತ್ತದೆ, ಅದಕ್ಕೆ. ಲಾಭದಿಂದ 4,000 ಕಿತ್ತುಕೊಳ್ಳುತ್ತದೆ, ನಷ್ಟಕ್ಕೆ 4,000 ಸೇರಿಸುತ್ತದೆ. ಷೇರು 500ರಲ್ಲೇ ನಿಂತಿದ್ದರೂ ಸಾಲ ಮಾಡಿದವರಿಗೆ ಶೇ 4ರ ನಷ್ಟ. ನೂರು ದಿನದಲ್ಲಿ ಷೇರು ಶೇ 3ರಷ್ಟು ಏರಿ 515 ಆದಾಗ ಏನಾಗುತ್ತದೆ ನೋಡಿ: ಸಾಲವಿಲ್ಲದವರಿಗೆ 3,000 ಲಾಭ, ಸಾಲವಿದ್ದವರಿಗೆ ಬಡ್ಡಿ ಕಳೆದು 2,000. ಎರಡರಷ್ಟು ಷೇರು ಹಿಡಿದಿದ್ದವರಿಗೆ ಕಡಿಮೆ ಲಾಭ! ನೂರು ದಿನಕ್ಕೆ ಶೇ 4ಕ್ಕಿಂತ ಹೆಚ್ಚು ಏರಿದರೆ ಮಾತ್ರ ಈ ಸಾಲ ಮಾಡಿದ್ದಕ್ಕೆ ಅರ್ಥ ಬರುತ್ತದೆ. ಸುಮ್ಮನೆ ಏರಿದರೆ ಸಾಲದು, ಬಡ್ಡಿಯನ್ನು ಹಿಂದೆ ಹಾಕಿ ಏರಬೇಕು.

ಇಲ್ಲಿಯವರೆಗಿನದು ಸರಳ. ಇದಕ್ಕಿಂತ ಮುಖ್ಯವಾದದ್ದು, ನನ್ನ ಪ್ರಕಾರ ಜನ ಗಮನಿಸದೇ ಬಿಡುವುದು, ಬೇರೆ ಇದೆ. ಬೆಲೆ ಇಳಿಯುತ್ತಾ ಹೋದ ಹಾಗೆ ಸಾಲದ ಭಾರ ತಾನಾಗಿಯೇ ಹೆಚ್ಚುತ್ತದೆ. ಬಡ್ಡಿಯನ್ನು ಪಕ್ಕಕ್ಕಿಟ್ಟು ನೋಡೋಣ. ಬೆಲೆ 500 ಇದ್ದಾಗ ಸ್ವಂತ ಹಣ 1 ಲಕ್ಷ, ಷೇರಿನ ಮೌಲ್ಯ 2 ಲಕ್ಷ. ಸ್ವಂತ ಹಣದ ಎರಡರಷ್ಟು. ಬೆಲೆ 400ಕ್ಕೆ ಬಂದಾಗ ಮೌಲ್ಯ 1,60,000, ಸ್ವಂತ ಪಾಲು 60,000. ಈಗ ಅದು ಎರಡೂ ಮುಕ್ಕಾಲರ ಹತ್ತಿರ. 350ಕ್ಕೆ ಬಂದಾಗ ಮೌಲ್ಯ 1,40,000, ಸ್ವಂತ ಪಾಲು ಬರೀ 40,000. ಅದು ಮೂರೂವರೆ ಪಟ್ಟು. ಎರಡರಷ್ಟು ಎಂದು ಶುರು ಮಾಡಿದವರು ಹೊಸ ಸಾಲ ಒಂದು ರೂಪಾಯಿಯೂ ಮಾಡದೆ ಮೂರೂವರೆ ಪಟ್ಟಿನ ಅಪಾಯದಲ್ಲಿ ಕೂತಿದ್ದಾರೆ. 500ರಿಂದ ಮೊದಲ ಶೇ 10 ಇಳಿದಾಗ ಅವರ ಹಣದಲ್ಲಿ ಶೇ 20 ಹೋಗಿತ್ತು. 350ರಿಂದ ಇನ್ನೊಂದು ಶೇ 10 ಇಳಿದರೆ ಉಳಿದ ಹಣದಲ್ಲಿ ಶೇ 35 ಹೋಗುತ್ತದೆ. ಬೆಲೆ ಏರುವಾಗ ಇದು ತಿರುವುಮುರುವು. 600ರಲ್ಲಿ ಮೌಲ್ಯವು ಸ್ವಂತ ಪಾಲಿನ 1.7 ಪಟ್ಟು ಮಾತ್ರ. ಏರುವಾಗ ಸಾಲದ ಬಲ ತಗ್ಗುತ್ತದೆ, ಇಳಿಯುವಾಗ ಹೆಚ್ಚುತ್ತದೆ.

ಬ್ರೋಕರ್ ಇದನ್ನು ನೋಡುತ್ತಾ ಸುಮ್ಮನಿರುವುದಿಲ್ಲ. ಅವರ ಹಣಕ್ಕೆ ಇರುವ ಭದ್ರತೆ ಆ ಷೇರುಗಳೇ. ಹಾಗಾಗಿ ಷೇರಿನ ಮೌಲ್ಯದಲ್ಲಿ ನಿಮ್ಮ ಸ್ವಂತ ಪಾಲು ಇಂತಿಷ್ಟಕ್ಕಿಂತ ಕೆಳಗಿಳಿಯಬಾರದು ಎಂಬ ಷರತ್ತು ಇರುತ್ತದೆ. ನಮ್ಮ ಉದಾಹರಣೆಗೆ ಅದು ಶೇ 30 ಎಂದು ಇಟ್ಟುಕೊಳ್ಳೋಣ. ಬೆಲೆ ಸುಮಾರು 357 ರೂಪಾಯಿಗೆ ಇಳಿದಾಗ ಆ ಗೆರೆ ಮುಟ್ಟುತ್ತದೆ. 350ಕ್ಕೆ ಬಂದರೆ ಇರಬೇಕಾದ ಪಾಲು 42,000, ಇರುವುದು 40,000. ಆಗ ಬರುವ ಸಂದೇಶಕ್ಕೆ ಮಾರ್ಜಿನ್ ಕಾಲ್ ಎನ್ನುತ್ತಾರೆ: ಕೊರತೆಯ 2,000 ತುಂಬಿ, ಇಲ್ಲವಾದರೆ ಷೇರು ಮಾರುತ್ತೇವೆ. ಹಣ ಕಟ್ಟದಿದ್ದರೆ ಎರಡೇ ಸಾವಿರದ ಷೇರು ಮಾರಿದರೆ ಮುಗಿಯಿತಲ್ಲ ಎಂದುಕೊಳ್ಳಬೇಡಿ. ಮಾರಿ ಬಂದ ಹಣ ಸಾಲಕ್ಕೆ ಜಮೆಯಾಗುತ್ತದೆ, ನಿಮ್ಮ ಪಾಲು 40,000ದಲ್ಲೇ ಇರುತ್ತದೆ. ಅದು ಮತ್ತೆ ಶೇ 30 ಆಗಬೇಕಾದರೆ ಸುಮಾರು 6,700 ರೂಪಾಯಿಯ ಷೇರು ಮಾರಬೇಕು.

ಅಡವಿನ ಸಾಲ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಚಿನ್ನ ಇಟ್ಟು ತಂದ ಸಾಲಕ್ಕೆ ಬ್ಯಾಂಕು ನೋಟಿಸು ಕೊಟ್ಟು, ಗಡುವು ಕೊಟ್ಟು, ಆಮೇಲೆ ಹರಾಜಿಗೆ ಹೋಗುತ್ತದೆ. ಷೇರಿನ ಅಡವಿನಲ್ಲಿ ಆ ವ್ಯವಧಾನವಿಲ್ಲ. ಗಡುವು ಬಹಳವೆಂದರೆ ಕೆಲವು ದಿನಗಳದ್ದು. ಮಾರುಕಟ್ಟೆ ಜೋರಾಗಿ ಕುಸಿಯುತ್ತಿದ್ದರೆ ಕಾಯದೇ ಮಾರುವ ಹಕ್ಕನ್ನು ಒಪ್ಪಂದದಲ್ಲೇ ಬ್ರೋಕರ್ ಪಡೆದಿರುತ್ತಾರೆ. ಇನ್ನೊಂದು ವಿಷಯ: ಷೇರಿನ ಏರಿಳಿತ ಹೆಚ್ಚಾದರೆ ಕೇಳುವ ಮಾರ್ಜಿನ್ ಕೂಡ ಹೆಚ್ಚಾಗುತ್ತದೆ. ಬೆಲೆ ಮತ್ತಷ್ಟು ಇಳಿಯದಿದ್ದರೂ ಕೊರತೆ ಹುಟ್ಟಬಹುದು.

2024ರ ಜೂನ್ ಮೊದಲ ವಾರ ಇದನ್ನೆಲ್ಲ ಒಟ್ಟಿಗೆ ತೋರಿಸಿತು. ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳ ಉತ್ಸಾಹದಲ್ಲಿ ಜೂನ್ 3ರಂದು ನಿಫ್ಟಿ 23,264ರ ಹತ್ತಿರ ಮುಗಿಯಿತು. ಮರುದಿನ ಮತ ಎಣಿಕೆ. ಸಮೀಕ್ಷೆಗಳು ಹೇಳಿದಂತೆ ಆಗಲಿಲ್ಲ. ನಿಫ್ಟಿ ಶೇ 5.9ರಷ್ಟು ಬಿದ್ದು 21,884ಕ್ಕೆ ಬಂತು. ಜೂನ್ 3ರ ಸಂಜೆ ಒಬ್ಬರ ಬಳಿ 1 ಲಕ್ಷ ಸ್ವಂತ ಹಣ, 3 ಲಕ್ಷ ಸಾಲ, ಒಟ್ಟು 4 ಲಕ್ಷದ ಷೇರು ಇದ್ದು, ಅವು ನಿಫ್ಟಿಯಷ್ಟೇ ಇಳಿದವು ಎಂದುಕೊಳ್ಳಿ. ಒಂದೇ ದಿನದಲ್ಲಿ 23,700 ರೂಪಾಯಿ ಹೋಯಿತು. ಸ್ವಂತ ಹಣದ ಕಾಲು ಭಾಗದಷ್ಟು. ಶೇ 25ರ ಪಾಲು ಇರಲೇಬೇಕೆಂಬ ಷರತ್ತಿದ್ದರೆ ತಕ್ಷಣ ತುಂಬಬೇಕಾದ ಕೊರತೆ ಸುಮಾರು 17,800.

ಮುಂದಿನದು ಇನ್ನೂ ಮುಖ್ಯ. ಮೂರೇ ವಹಿವಾಟಿನ ದಿನಗಳಲ್ಲಿ, ಜೂನ್ 7ರಂದು, ನಿಫ್ಟಿ 23,290ಕ್ಕೆ ಬಂದು ನಿಂತಿತು. ಜೂನ್ 3ಕ್ಕಿಂತ ಮೇಲೆಯೇ. ಸ್ವಂತ ಹಣದಲ್ಲಿ ಕೊಂಡು ಸುಮ್ಮನೆ ಕೂತವರಿಗೆ ಆ ವಾರ ಏನೂ ಆಗಲೇ ಇಲ್ಲ. ಕೊರತೆ ತುಂಬಲಾಗದೆ ಜೂನ್ 4ರ ಬೆಲೆಗೆ ಎಲ್ಲವೂ ಮಾರಾಟವಾದವರ ಕೈಯಲ್ಲಿ ಮಾತ್ರ 76,300 ಉಳಿಯಿತು, ಏರಿಕೆ ಅವರದಾಗಲಿಲ್ಲ. ಇಬ್ಬರೂ ನಂಬಿದ್ದು ಒಂದೇ ಷೇರನ್ನು, ಇಬ್ಬರ ಅಂದಾಜೂ ಕೊನೆಗೆ ಸರಿಯಾಗಿಯೇ ಇತ್ತು. ಸಾಲ ಕಿತ್ತುಕೊಂಡದ್ದು ಕಾಯುವ ಶಕ್ತಿಯನ್ನು. ಒಳ್ಳೆಯ ಕಂಪನಿಯ ಷೇರು, ಯಾವತ್ತಿದ್ದರೂ ಮೇಲೆ ಬರುತ್ತದೆ ಎಂಬ ಧೈರ್ಯದಿಂದ ಸಾಲ ಮಾಡುವವರು ಈ ವಾರದ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಬೇಕು.

ನಾಲ್ಕು ಪಟ್ಟಿನ ಷೇರು ಹಿಡಿದಾಗ ಶೇ 25 ಕುಸಿದರೆ ಸ್ವಂತ ಹಣ ಪೂರ್ತಿ ಕರಗುತ್ತದೆ. ರಾತ್ರಿ ಕೆಟ್ಟ ಸುದ್ದಿ ಬಂದು ಬೆಳಿಗ್ಗೆ ಷೇರು ಶೇ 30 ಕೆಳಗೇ ತೆರೆದುಕೊಂಡರೆ ನಡುವೆ ಮಾರುವ ಅವಕಾಶವೇ ಇರುವುದಿಲ್ಲ. 4 ಲಕ್ಷದ ಷೇರು 2,80,000ಕ್ಕೆ ಮಾರಿ ಹೋಗುತ್ತದೆ, ಸಾಲ 3 ಲಕ್ಷ. ಹಾಕಿದ ಲಕ್ಷವೂ ಹೋಗಿ ಮೇಲೆ 20,000 ಕೊಡಬೇಕು. ಹಾಕಿದಷ್ಟೇ ತಾನೇ ಹೋಗುವುದು ಎಂಬ ನಂಬಿಕೆ ಸಾಲದ ಷೇರಿಗೆ ಅನ್ವಯಿಸುವುದಿಲ್ಲ. 1929ರಲ್ಲಿ ನ್ಯೂಯಾರ್ಕ್‌ನಲ್ಲಿ ಶೇ 10ರಷ್ಟು ಮಾತ್ರ ಸ್ವಂತ ಹಣ ಹಾಕಿ ಷೇರು ಕೊಂಡವರು ಬಹಳ ಇದ್ದರು. ಅಕ್ಟೋಬರ್ 28ರಂದು ಅಲ್ಲಿನ ಡೌ ಜೋನ್ಸ್ ಸೂಚ್ಯಂಕ ಸುಮಾರು ಶೇ 13ರಷ್ಟು, ಮರುದಿನ ಸುಮಾರು ಶೇ 12ರಷ್ಟು ಬಿತ್ತು. ಸಾಲದ ಷೇರುಗಳ ಒತ್ತಾಯದ ಮಾರಾಟ ಬೆಲೆಯನ್ನು ಇನ್ನಷ್ಟು ಇಳಿಸಿತು, ಇಳಿದ ಬೆಲೆ ಇನ್ನಷ್ಟು ಮಾರಾಟಕ್ಕೆ ದಾರಿ ಮಾಡಿತು. ಅಮೆರಿಕದಲ್ಲಿ 1974ರಿಂದ ಇಂಥ ಖರೀದಿಗೆ ಕನಿಷ್ಠ ಅರ್ಧದಷ್ಟು ಸ್ವಂತ ಹಣ ಹಾಕಬೇಕೆಂಬ ನಿಯಮವಿದೆ.

ಸಾಲದಲ್ಲಿ ಷೇರು ಕೊಳ್ಳಲೇಬೇಕೆಂದಿದ್ದರೆ, ಖರೀದಿಗೆ ಮೊದಲು ಒಂದು ಲೆಕ್ಕ ಮಾಡಿ. ಮಾರ್ಜಿನ್ ಕಾಲ್ ಬರುವ ಬೆಲೆ ಯಾವುದು? ಇರಲೇಬೇಕಾದ ಪಾಲು ಶೇ 30 ಆದರೆ, ಷೇರುಗಳ ಸಂಖ್ಯೆಯನ್ನು 0.7ರಿಂದ ಗುಣಿಸಿ. ಸಾಲದ ಮೊತ್ತವನ್ನು ಅದರಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ 400 ಷೇರು, 1 ಲಕ್ಷ ಸಾಲ: 1,00,000ವನ್ನು 280ರಿಂದ ಭಾಗಿಸಿದರೆ 357. ಆ ಷೇರು ಕಳೆದ ಎರಡು ಮೂರು ವರ್ಷದಲ್ಲಿ ತನ್ನ ಎತ್ತರದಿಂದ ಎಷ್ಟು ಇಳಿದಿತ್ತು ಎಂದು ಚಾರ್ಟ್‌ನಲ್ಲಿ ನೋಡಿ. ಶೇ 28ರಷ್ಟು ಇಳಿಕೆ ಹಿಂದೆ ಆಗಿದ್ದರೆ ಮುಂದೆಯೂ ಆಗುತ್ತದೆ ಎಂದೇ ಎಣಿಸಿ, ಅಂದು ತುಂಬಲು ಬೇರೆ ಹಣ ಇದೆಯೇ ಎಂದು ಕೇಳಿಕೊಳ್ಳಿ. ಇಲ್ಲವಾದರೆ ಸಾಲವನ್ನು ಅರ್ಧಕ್ಕೆ ಇಳಿಸಿ. ಅದೇ 1 ಲಕ್ಷಕ್ಕೆ 50,000 ಮಾತ್ರ ಸಾಲ ಸೇರಿಸಿ 300 ಷೇರು ಕೊಂಡರೆ, ಮಾರ್ಜಿನ್ ಕಾಲ್ ಬರುವ ಬೆಲೆ 357ರಿಂದ 238ಕ್ಕೆ ಇಳಿಯುತ್ತದೆ.