ಮೈಕು ಕೈಗೆ ಬರುವ ಮೊದಲು

ಯುವ ಮಿತ್ರರೇ, ನಿಮ್ಮಲ್ಲಿ ಬಹಳ ಮಂದಿ ಕಂಪನಿಗಳಲ್ಲಿ ಕೆಲಸಕ್ಕಿದ್ದೀರಿ. "ಆಫ್‌ಸೈಟ್‌ನಲ್ಲಿ ಐಸ್‌ಬ್ರೇಕರ್ ನೀನೇ ಮಾಡಿಸು" ಎಂಬ ಅಪ್ಪಣೆ ಇಂದಲ್ಲ ನಾಳೆ ನಿಮಗೂ ಬಂದೀತು. ನನ್ನ ಮಗಳಿಗೆ ಕಳೆದ ಚಳಿಗಾಲದಲ್ಲಿ ಬಂತು. ಘೋಡಬಂದರ್ ರಸ್ತೆಯ ಒಂದು ರೆಸಾರ್ಟಿನಲ್ಲಿ ಸಭೆ. ಮೂರು ಕಚೇರಿಗಳ 32 ಜನ; ಹೆಚ್ಚಿನವರಿಗೆ ಉಳಿದವರ ಹೆಸರು ಈ-ಮೇಲ್‌ನಲ್ಲಷ್ಟೇ ಗೊತ್ತು. ಸಿಕ್ಕಿದ ಸಮಯ 45 ನಿಮಿಷ.

"ಎಲ್ಲರನ್ನೂ ದುಂಡಗೆ ಕೂರಿಸಿ ಪರಿಚಯ ಹೇಳಿಸುತ್ತೇನಮ್ಮ" ಎಂದಳು. ನಾನು ಬೇಡವೆಂದೆ. ತಲೆಗೊಂದು ನಿಮಿಷವೆಂದರೂ 32 ನಿಮಿಷ, ಮೈಕು ಕೈಬದಲಾಗುವ ಹೊತ್ತು ಬೇರೆ. ಅಷ್ಟಾಗಿಯೂ ಯಾರೂ ಕೇಳಿಸಿಕೊಳ್ಳುವುದಿಲ್ಲ. 1973ರಲ್ಲಿ ಮಾಲ್ಕಮ್ ಬ್ರೆನ್ನರ್ ಎಂಬ ಮನಶ್ಶಾಸ್ತ್ರಜ್ಞರು ಜನರನ್ನು ಸುತ್ತ ಕೂರಿಸಿ, ಸರದಿಯ ಪ್ರಕಾರ ಒಂದೊಂದು ಪದ ಓದಿಸಿ ನೋಡಿದರು. ತಮ್ಮ ಸರದಿಗೆ ಸ್ವಲ್ಪ ಮುಂಚೆ ಓದಿದ ಪದಗಳೇ ಅವರಿಗೆ ಹೆಚ್ಚಾಗಿ ಮರೆತುಹೋಗಿದ್ದವು. ನನ್ನ ಸರದಿ ಬಂತಲ್ಲ ಎಂದು ಮನಸ್ಸಿನಲ್ಲೇ ಮಾತು ಜೋಡಿಸುವವನಿಗೆ ಪಕ್ಕದವನ ಹೆಸರು ಕಿವಿಗೆ ಬೀಳುವುದು ಹೇಗೆ?

ಅವಳ ಎರಡನೆಯ ಯೋಚನೆ, ಬಾಲ್ಯದ ಫೋಟೋ ತರಿಸಿ ಯಾರದೆಂದು ಊಹಿಸುವ ಆಟ. ಇದಕ್ಕೆ ಅವಳೇ ಹಿಂದೆಗೆದಳು. ಅವಳ ಹಿಂದಿನ ಕಂಪನಿಯಲ್ಲಿ ಹೀಗೇ ಮಾಡಿದ್ದಾಗ ಕಲ್ಯಾಣದ ಒಬ್ಬ ಹುಡುಗ ಬರಿಗೈಯಲ್ಲಿ ಬಂದಿದ್ದ. 2005ರ ಜುಲೈ 26ರ ಮಳೆಯಲ್ಲಿ ಮನೆಗೆ ನೀರು ನುಗ್ಗಿ ಆಲ್ಬಮ್‌ಗಳೆಲ್ಲ ಹೋಗಿದ್ದವಂತೆ. ಅದನ್ನು ಆತ ನಲವತ್ತು ಅಪರಿಚಿತರ ಮುಂದೆ ಹೇಳಬೇಕಾಯಿತು. ಆಮೇಲೆ ಯಾರಿಗೂ ನಗು ಬರಲಿಲ್ಲ. ಪ್ರಶ್ನೆ ಆರಿಸುವಾಗ ಇದನ್ನೇ ಒರೆಗೆ ಹಚ್ಚಿ: ಉತ್ತರ ಎಲ್ಲರ ಬಳಿಯೂ ಇರುತ್ತದೆಯೇ? ಉತ್ತರಿಸಿದವರು ಏನಾದರೂ ಕಳೆದುಕೊಳ್ಳುತ್ತಾರೆಯೇ? ಮದುವೆ, ಮಕ್ಕಳು, "ನಿಮ್ಮ ಮೂಲ ಊರು ಯಾವುದು" ಎಂಬುವೂ ಇಲ್ಲೇ ಬಿದ್ದುಹೋದವು. ಊರು ಕೇಳಿದ ಮೇಲೆ ಅಡ್ಡಹೆಸರು, ಅಡ್ಡಹೆಸರಾದ ಮೇಲೆ ಜಾತಿ. ಮುಂಬಯಿಯಲ್ಲಿ ಬಾಳಿದವರಿಗೆ ಈ ದಾರಿ ಗೊತ್ತು.

ಕೊನೆಗೆ ನಾವು ಹಿಡಿದದ್ದು ಉಲ್ಲನ್ ದಾರ. ಸಭಾಂಗಣದ ನೆಲದ ಮೇಲೆ ಠಾಣೆಯನ್ನು ನಡುವೆ ಇಟ್ಟು ಮೂರು ಬಣ್ಣದ ದಾರ ಎಳೆಯುವುದು. ಒಂದು ಡೊಂಬಿವಲಿ, ಕಲ್ಯಾಣದ ಕಡೆಗೆ. ಒಂದು ಐರೋಲಿ, ವಾಶಿಯ ಕಡೆಗೆ. ಮೂರನೆಯದು ಮಾನಪಾಡಾ, ಕಾಸರವಡವಲಿಯ ಈ ರಸ್ತೆಗೆ. ಮುಂಬಯಿ ಕಡೆಯಿಂದ ಬಂದವರು ಠಾಣೆಯಲ್ಲೇ ನಿಲ್ಲಲಿ. ಪ್ರಶ್ನೆ ಒಂದೇ: "ಇವತ್ತು ಬೆಳಿಗ್ಗೆ ಎಲ್ಲಿಂದ ಹೊರಟಿರಿ? ಅಲ್ಲಿ ನಿಲ್ಲಿ." ಹತ್ತು ನಿಮಿಷ. ಯಾರೂ ಭಾಷಣ ಮಾಡಬೇಕಿಲ್ಲ, ಆದರೂ ಅಕ್ಕಪಕ್ಕದವರು "ನೀವು ಎಷ್ಟು ಗಂಟೆಯ ಲೋಕಲ್ ಹಿಡಿದಿರಿ?" ಎಂದು ಶುರು ಮಾಡಿಯೇ ಮಾಡುತ್ತಾರೆ. ನಮ್ಮ ರಸ್ತೆಯ ಟ್ರಾಫಿಕ್ ಬಲ್ಲವರು ತಡವಾಗಿ ಬರುವವರನ್ನು ಮರೆಯಬಾರದು. ಅವರು ಬಂದು ದಾರದ ಮೇಲೆ ನಿಂತರಾಯಿತು.

ಆಮೇಲೆ ಜೋಡಿ. "ನಿಮಗೆ ಬೇಕಾದವರನ್ನು ಆರಿಸಿ" ಎಂದರೆ ಪರಿಚಿತರೇ ಅಂಟಿಕೊಳ್ಳುತ್ತಾರೆ. ಆದ್ದರಿಂದ ಬೇರೆ ಬಣ್ಣದ ದಾರದವರನ್ನೇ ಹಿಡಿಯಬೇಕು. ಐದು ನಿಮಿಷ, ಇಬ್ಬರಿಗೂ ಸಮಪಾಲು. ಪ್ರಶ್ನೆ: "ಆಫೀಸಿನಲ್ಲಿ ಜನ ಏನು ಕೇಳಿಕೊಂಡು ನಿಮ್ಮ ಹತ್ತಿರ ಬರುತ್ತಾರೆ?" ಹುದ್ದೆಯ ಹೆಸರಿಗಿಂತ ಇದು ವಾಸಿ; ಪ್ರಿಂಟರ್ ಸರಿಮಾಡುವವನಿಗೂ ಉತ್ತರವಿರುತ್ತದೆ. ಅರ್ಧ ನಿಮಿಷದಲ್ಲೇ ಕೋಣೆ ತಣ್ಣಗಾದರೆ ಪ್ರಶ್ನೆ ತೀರಾ ಸಣ್ಣದಾಯಿತು ಎಂದು ತಿಳಿಯಿರಿ; "ಇತ್ತೀಚೆಗೆ ಯಾರು ಬಂದಿದ್ದರು, ಏನಾಯಿತು?" ಎಂದು ಸೇರಿಸಿ.

ಎರಡು ಜೋಡಿ ಸೇರಿ ನಾಲ್ವರಾದಾಗ ಪ್ರತಿಯೊಬ್ಬರೂ ತಮ್ಮನ್ನಲ್ಲ, ಜೊತೆಗಾರರನ್ನು ಪರಿಚಯಿಸಬೇಕು. ಇದು ಮುಂದೆ ಬರುವುದೆಂದು ಜೋಡಿಯಾಗುವಾಗಲೇ ಹೇಳಿಬಿಡಿ, ಕಿವಿ ತಾನಾಗಿ ಚುರುಕಾಗುತ್ತದೆ. ಎಂಟು ನಿಮಿಷ. ಕೊನೆಗೆ ಎಂಟು ಗುಂಪುಗಳಿಂದ ಒಬ್ಬೊಬ್ಬರು, ಒಂದೊಂದು ನಿಮಿಷ. ಹಿಂದಿ, ಮರಾಠಿ, ಇಂಗ್ಲಿಷ್, ಯಾವುದಾದರೂ ಸರಿ. ಒಟ್ಟು 31 ನಿಮಿಷ. ಮಿಕ್ಕ 14 ನಿಮಿಷವನ್ನು ಬೇರೆ ಆಟದಿಂದ ತುಂಬಲು ಹೋಗಬೇಡಿ. ಎಲ್ಲರೂ ಬಂದು ಸೇರುವುದಕ್ಕೇ ಅದು ಬೇಕಾಗುತ್ತದೆ.

ಸಾಹೇಬರದೊಂದು ಮಾತು. ಅವರು ಮೊದಲು ಮೂರು ನಿಮಿಷ ತಮ್ಮ ಸಾಧನೆ ಹೇಳಿದರೆ ಎಲ್ಲರೂ ಅದೇ ಅಚ್ಚಿನಲ್ಲಿ ಹೇಳುತ್ತಾರೆ. ಮಗಳು ಹಿಂದಿನ ದಿನವೇ ಫೋನು ಮಾಡಿ, ಅವರೂ ದಾರದ ಮೇಲೆ ನಿಲ್ಲಬೇಕು, ವರದಿ ಮಾತ್ರ ಬೇರೆಯವರು ಹೇಳಲಿ ಎಂದು ವಿನಂತಿಸಿದಳು. ಒಪ್ಪಿದರಂತೆ.

ಫಲ ಗೊತ್ತಾಗುವುದು ಚಪ್ಪಾಳೆಯಲ್ಲಲ್ಲ, ಚಹಾದ ಹೊತ್ತಿನಲ್ಲಿ. ಒಂದೇ ಕಚೇರಿಯವರು ಮತ್ತೆ ಒಂದೇ ಮೂಲೆ ಹಿಡಿದರೆ ಏನೂ ಆಗಿಲ್ಲ. ಅಂದು ಡೊಂಬಿವಲಿಯ ಇಬ್ಬರು ಹೆಂಗಸರು ವಡೆಯ ತಟ್ಟೆ ಹಿಡಿದು ನಗುತ್ತಿದ್ದರಂತೆ. ನಾಲ್ಕು ವರ್ಷದಿಂದ ಒಂದೇ ಲೇಡೀಸ್ ಡಬ್ಬಿ, ಒಂದೇ ಕಂಪನಿ ಎಂಬುದು ಇಬ್ಬರಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನನ್ನ ಉಲ್ಲನ್ ಉಂಡೆಗಳು ಮಾತ್ರ ವಾಪಸು ಬರಲಿಲ್ಲ.