ಮಳೆಯ ಪ್ರಕಟಣೆ ಕನ್ನಡದ ಸುದ್ದಿಯಾಗುವ ಬಗೆ

ಮಳೆಗಾಲದಲ್ಲಿ ಕಾಸರಗೋಡಿನ ಪತ್ರಿಕಾಲಯಗಳಿಗೆ ಹವಾಮಾನದ ಪ್ರಕಟಣೆಗಳು ಇಂಗ್ಲಿಷಿನಲ್ಲಿಯೂ ಬರುತ್ತವೆ. ಅವುಗಳನ್ನು ಕನ್ನಡಕ್ಕೆ ತರುವಾಗ ಒಂದು ಪದ ಜಾರಿದರೂ ಮನೆಮನೆಯಲ್ಲಿ ಗೊಂದಲ ಹುಟ್ಟುತ್ತದೆ. ಪ್ರಕಟಣೆಯೊಂದು ಹೀಗಿದೆಯೆಂದು ಭಾವಿಸೋಣ: ಜಿಲ್ಲೆಗೆ ಆರೆಂಜ್ ಅಲರ್ಟ್, ನಾಳೆ ಒಂದೆರಡು ಕಡೆ 24 ಗಂಟೆಗಳಲ್ಲಿ 115.6ರಿಂದ 204.4 ಮಿಲಿಮೀಟರ್ ಮಳೆಯಾಗುವ ಸಂಭವ. ಮೀನುಗಾರರು ಕಡಲಿಗಿಳಿಯಬಾರದೆಂದು ಸಲಹೆ. ಕೊನೆಯಲ್ಲಿ ಅಧಿಕಾರಿಯೊಬ್ಬರ ಹೇಳಿಕೆ.

ಮೊದಲು ಶೀರ್ಷಿಕೆ. ಇಂಗ್ಲಿಷ್ ತಲೆಬರಹವನ್ನು ಪೂರ್ಣವಾಗಿ ಅನುವಾದಿಸಿದರೆ ಕನ್ನಡದ ದೀರ್ಘ ಸಮಾಸಗಳು ಎರಡು ಕಾಲಂಗಳಲ್ಲಿ ಹಿಡಿಸವು. ಆದುದರಿಂದ ಪದಗಳ ಬದಲು ಅಕ್ಷರಗಳನ್ನು ಎಣಿಸಬೇಕು. ‘ಜಿಲ್ಲೆಯ ಕೆಲವೆಡೆ ಭಾರಿ ಮಳೆ ಸಾಧ್ಯತೆ’ ಎಂಬುದು ಹದಿನಾಲ್ಕೇ ಅಕ್ಷರ. ಇಲ್ಲಿ ಕ್ರಿಯಾಪದವನ್ನು ಬಿಡಬಹುದು. ‘ಕೆಲವೆಡೆ’, ‘ಸಾಧ್ಯತೆ’ ಎಂಬೆರಡನ್ನು ಬಿಡಲಾಗದು. ಹವಾಮಾನ ಇಲಾಖೆಯ ಪರಿಭಾಷೆಯಲ್ಲಿ ‘ಒಂದೆರಡು ಕಡೆ’ ಎಂದರೆ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲುಭಾಗ. ‘ನಾಳೆ’ಯೂ ಅಪಾಯಕಾರಿ: ಇಂದು ಅಚ್ಚಾದ ಪತ್ರಿಕೆಯನ್ನು ಓದುಗನು ಕೈಗೆತ್ತಿಕೊಳ್ಳುವಾಗ ಅದು ‘ಇಂದು’ ಆಗಿರುತ್ತದೆ. ದಿನಾಂಕವನ್ನೇ ಬರೆಯುವುದು ಕ್ಷೇಮ.

ಇನ್ನು ಅಳತೆ. 115.6 ಮಿಲಿಮೀಟರ್ ಎಂದರೆ ಎಷ್ಟೆಂದು ಹೆಚ್ಚಿನವರಿಗೆ ಹೊಳೆಯದು. ಒಂದು ಚದರ ಮೀಟರ್ ನೆಲದ ಮೇಲೆ ಬೀಳುವ ಒಂದು ಮಿಲಿಮೀಟರ್ ಮಳೆ ಒಂದು ಲೀಟರ್ ನೀರಿಗೆ ಸಮ. ನಮ್ಮಲ್ಲಿ ಮನೆಯ ಹಿತ್ತಲನ್ನು ಅಳೆಯುವುದು ಸೆಂಟಿನಲ್ಲಿ. ಒಂದು ಸೆಂಟ್ ಸುಮಾರು 40.5 ಚದರ ಮೀಟರ್. ಅಂದರೆ ಹತ್ತು ಸೆಂಟಿನ ಹಿತ್ತಲಿಗೆ ಒಂದೇ ದಿನದಲ್ಲಿ ಸುಮಾರು 47,000 ಲೀಟರ್, ಸಾವಿರ ಲೀಟರಿನ ನಲವತ್ತೇಳು ಟ್ಯಾಂಕಿಗಳಷ್ಟು ನೀರು ಬೀಳುತ್ತದೆ. ಈ ವಿವರಣೆಯನ್ನು ಮೂಲ ಅಂಕಿಯ ಪಕ್ಕದಲ್ಲಿ ಕೊಡಬೇಕೇ ಹೊರತು ಅದರ ಸ್ಥಾನದಲ್ಲಿ ಅಲ್ಲ. ಅಧಿಕೃತ ಅಂಕಿಯನ್ನು ತಿದ್ದುವ ಹಕ್ಕು ಅನುವಾದಕನಿಗಿಲ್ಲ.

ಹೇಳಿಕೆಗಳಲ್ಲಿ ಇನ್ನೂ ಎಚ್ಚರ ಬೇಕು. ಉದ್ಧರಣ ಚಿಹ್ನೆಯೊಳಗಿನ ಮಾತು ಆಡಿದವರದೆಂದೇ ಓದುಗನು ನಂಬುತ್ತಾನೆ. ಅಧಿಕಾರಿ ಮಲಯಾಳದಲ್ಲಿ ಆಡಿದ ಮಾತು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದಿದ್ದರೆ ಅದು ಎರಡು ಸಲ ರೂಪ ಬದಲಿಸಿದೆ. ಆಗ ಚಿಹ್ನೆಗಳನ್ನು ತೆಗೆದು ‘ಎಂದು ಅವರು ತಿಳಿಸಿದ್ದಾರೆ’ ಎಂದು ಪರೋಕ್ಷವಾಗಿ ಬರೆಯುವುದೇ ನ್ಯಾಯ. ಮಾತಿನ ತೂಕವೂ ಕೆಡಬಾರದು. ‘ಸಲಹೆ’ಯನ್ನು ‘ನಿಷೇಧ’ವೆಂದು ಬರೆದರೆ, ಇಲ್ಲದ ಆದೇಶವೊಂದನ್ನು ಪತ್ರಿಕೆಯೇ ಹೊರಡಿಸಿದಂತಾಗುತ್ತದೆ.

ಶಾಲೆಯ ರಜೆಯ ವಿಷಯದಲ್ಲಿಯೂ ಹಾಗೆಯೇ. ಆರೆಂಜ್ ಅಲರ್ಟ್ ಎಂದರೆ ಸನ್ನದ್ಧರಾಗಿರಿ ಎಂಬ ಸೂಚನೆ ಮಾತ್ರ. ಮಳೆಯ ಕಾರಣಕ್ಕೆ ರಜೆ ಸಾರುವವರು ಜಿಲ್ಲಾಧಿಕಾರಿ. ಅವರ ಆದೇಶ ಪ್ರಕಟಣೆಯಲ್ಲಿ ಇಲ್ಲದಿದ್ದರೆ ‘ರಜೆ’ ಎಂಬ ಪದ ಸುದ್ದಿಯಲ್ಲಿಯೂ ಇರಕೂಡದು.