ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ.: ಯಾವುದರಲ್ಲಿ ಎಷ್ಟು ವಿಕಿರಣ?

‘ಸ್ಕ್ಯಾನಿಂಗ್’ ಎಂಬ ಒಂದೇ ಪದದಿಂದ ನಮ್ಮ ಮನೆಗಳಲ್ಲಿ ಆಗುವ ಗೊಂದಲ ಸಣ್ಣದಲ್ಲ. ಗರ್ಭಿಣಿಯ ಹೊಟ್ಟೆಯ ಮೇಲೆ ಜೆಲ್ ಹಚ್ಚಿ ನೋಡುವುದೂ ಸ್ಕ್ಯಾನಿಂಗ್, ತಲೆಗೆ ಪೆಟ್ಟಾದವರನ್ನು ಉಂಗುರದಂತಹ ಯಂತ್ರದೊಳಗೆ ಮಲಗಿಸುವುದೂ ಸ್ಕ್ಯಾನಿಂಗ್, ಬೆನ್ನುನೋವಿನವರನ್ನು ಉದ್ದನೆಯ ಕೊಳವೆಯೊಳಗೆ ಕಳುಹಿಸುವುದೂ ಸ್ಕ್ಯಾನಿಂಗ್. ಇದರ ಪರಿಣಾಮವಾಗಿ ಕೆಲವರು ಹೆದರಬೇಕಾಗಿಲ್ಲದ ಕಡೆ ಹೆದರುತ್ತಾರೆ, ಎರಡು ಸಲ ಯೋಚಿಸಬೇಕಾದ ಕಡೆ ಯೋಚಿಸುವುದೇ ಇಲ್ಲ. ಕಳೆದ ವರ್ಷ ನನ್ನ ಬಳಿಗೆ ಬಂದಿದ್ದ ಒಬ್ಬ ಯುವಕನ ವಿಷಯದಲ್ಲಿ ಇವೆರಡೂ ಒಟ್ಟಿಗೇ ನಡೆದಿದ್ದವು.

ಆತನಿಗೆ 34 ವರ್ಷ. ಗಲ್ಫ್‌ನಲ್ಲಿ ಕೆಲಸ, ನಲವತ್ತು ದಿನಗಳ ರಜೆಯಲ್ಲಿ ಊರಿಗೆ ಬಂದಿದ್ದ. ಒಂದು ರಾತ್ರಿ ಎಡಸೊಂಟದಿಂದ ತೊಡೆಯ ಸಂದಿಯವರೆಗೆ ಇಳಿಯುವ ತಡೆಯಲಾರದ ನೋವು ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ಸಿ.ಟಿ. ಮಾಡಿದಾಗ ಮೂತ್ರನಾಳದ ಕೆಳಭಾಗದಲ್ಲಿ 5 ಮಿಲಿಮೀಟರಿನ ಕಲ್ಲು ಕಂಡಿತು. ಈ ಗಾತ್ರದ ಕಲ್ಲು ಹೆಚ್ಚಾಗಿ ತಾನಾಗಿಯೇ ಹೊರಬೀಳುತ್ತದೆ. ಔಷಧಿ ಕೊಟ್ಟು ಮನೆಗೆ ಕಳುಹಿಸಿದ್ದರು. ಎರಡು ವಾರಗಳ ನಂತರ ನೋವು ಪೂರ್ತಿ ಹೋಗಿತ್ತು. ಆಗ ಆತ ನನ್ನ ಬಳಿ ಬಂದು, “ಡಾಕ್ಟ್ರೇ, ವಿಮಾನ ಹತ್ತುವ ಮೊದಲು ಇನ್ನೊಂದು ಸಿ.ಟಿ. ಮಾಡಿಸಿಬಿಡುತ್ತೇನೆ, ಮನಸ್ಸಿಗೆ ಸಮಾಧಾನ” ಎಂದ. ಜೊತೆಗೆ ಬಂದಿದ್ದ ಅವನ ಉಮ್ಮನ ಸಂಶಯ ಬೇರೆಯೇ. ಅವರಿಗೆ ಮಂಡಿಯ ಎಂ.ಆರ್.ಐ. ಮಾಡಿಸಲು ಮೂಳೆ ವೈದ್ಯರು ಬರೆದುಕೊಟ್ಟು ಮೂರು ತಿಂಗಳಾಗಿತ್ತು. “ಅದರಲ್ಲಿ ಕಿರಣ ಜಾಸ್ತಿಯಂತೆ, ಅಷ್ಟು ದೊಡ್ಡ ಶಬ್ದ ಬರುತ್ತದಂತೆ” ಎಂದು ಮಾಡಿಸದೇ ಕುಳಿತಿದ್ದರು.

ಅವರಿಬ್ಬರಿಗೂ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಎಕ್ಸ್‌ರೇ ಮತ್ತು ಸಿ.ಟಿ. ಎರಡರಲ್ಲಿಯೂ ಬಳಸುವುದು ಒಂದೇ ಕಿರಣ. ವ್ಯತ್ಯಾಸ ಇರುವುದು ಎಷ್ಟು ಬಳಸುತ್ತಾರೆ ಎಂಬುದರಲ್ಲಿ. ಎಕ್ಸ್‌ರೇ ತೆಗೆಯುವಾಗ ಕಿರಣವು ಒಂದು ದಿಕ್ಕಿನಿಂದ ಕ್ಷಣಮಾತ್ರ ದೇಹದ ಮೂಲಕ ಹಾಯ್ದು, ಆಚೆ ಬದಿಯಲ್ಲಿ ಒಂದು ನೆರಳು ಮೂಡಿಸುತ್ತದೆ. ಮೂಳೆ, ಶ್ವಾಸಕೋಶ ಮುಂತಾದವನ್ನು ನೋಡಲು ಆ ನೆರಳು ಸಾಕು. ಆದರೆ ಹೊಟ್ಟೆಯೊಳಗೆ ಎಲ್ಲವೂ ಒಂದರ ಮೇಲೊಂದು ಬಿದ್ದು ನೆರಳು ಕಲಸಿಹೋಗುತ್ತದೆ. ಇದಕ್ಕೆ ಪರಿಹಾರವೇ ಸಿ.ಟಿ. ಇಲ್ಲಿ ಕಿರಣದ ಕೊಳವೆ ನಿಮ್ಮ ಸುತ್ತ ತಿರುಗುತ್ತದೆ, ನೀವು ಮಲಗಿದ ಹಲಗೆ ನಿಧಾನವಾಗಿ ಮುಂದಕ್ಕೆ ಸರಿಯುತ್ತದೆ, ಒಂದೊಂದು ಸುತ್ತಿನಲ್ಲಿಯೂ ನೂರಾರು ಕೋನಗಳಿಂದ ಅಳತೆ ನಡೆಯುತ್ತದೆ. ಕಂಪ್ಯೂಟರ್ ಇವೆಲ್ಲವನ್ನೂ ಜೋಡಿಸಿ, ಬ್ರೆಡ್ಡನ್ನು ಹೋಳು ಮಾಡಿದ ಹಾಗೆ ದೇಹದ ಒಳಗನ್ನು ತೋರಿಸುತ್ತದೆ. ಪಿತ್ತಕೋಶದ ಗೋಡೆಗೂ ಅದರ ಪಕ್ಕದ ಮಾಂಸಕ್ಕೂ ಇರುವ ಸೂಕ್ಷ್ಮ ವ್ಯತ್ಯಾಸ ಕಾಣಬೇಕಾದರೆ ಚಿತ್ರ ಮಸುಕಾಗಿರಬಾರದು, ಮಸುಕಾಗದಿರಲು ಹೆಚ್ಚು ಕಿರಣ ಬೇಕು. ಸಿ.ಟಿ.ಯ ಪ್ರಮಾಣ ಏರುವುದು ಇದರಿಂದಲೇ.

ದೇಹಕ್ಕೆ ತಗಲುವ ವಿಕಿರಣವನ್ನು ಮಿಲಿಸೀವರ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಇದನ್ನು ಅರ್ಥಮಾಡಿಕೊಳ್ಳಲು ಮೊದಲು ಒಂದು ವಿಷಯ ತಿಳಿದಿರಲಿ: ಯಾವ ಯಂತ್ರದ ಹತ್ತಿರವೂ ಹೋಗದಿದ್ದರೂ, ನೆಲ, ಗಾಳಿ, ಆಹಾರ ಮತ್ತು ಆಕಾಶದಿಂದ ಭೂಮಿಯ ಮೇಲಿನ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತಲೇ ಇರುತ್ತದೆ. ಎದೆಯ ಒಂದು ಎಕ್ಸ್‌ರೇಯಲ್ಲಿ ಸಿಗುವುದು ಸುಮಾರು 0.1 ಅಥವಾ ಅದಕ್ಕೂ ಕಡಿಮೆ. ಅಂದರೆ ಸುಮ್ಮನೆ ಬದುಕಿದ್ದಕ್ಕೇ ಎರಡು ವಾರಗಳಲ್ಲಿ ಸಿಗುವಷ್ಟು. ಹೊಟ್ಟೆಯ ಎಕ್ಸ್‌ರೇಯಲ್ಲಿ ಸುಮಾರು 0.7, ತಲೆಯ ಸಿ.ಟಿ.ಯಲ್ಲಿ ಸುಮಾರು 2. ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸಾಮಾನ್ಯ ಸಿ.ಟಿ.ಯಲ್ಲಿ ಮಾತ್ರ 8ರಿಂದ 10. ಒಮ್ಮೆ ಬಣ್ಣದ ಔಷಧಿ ಚುಚ್ಚದೆ, ಮತ್ತೊಮ್ಮೆ ಚುಚ್ಚಿ, ಹೀಗೆ ಎರಡು ಸಲ ಚಿತ್ರ ತೆಗೆದರೆ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಇವೆಲ್ಲ ಸರಾಸರಿ ಲೆಕ್ಕ. ನಿಮ್ಮದೇ ಸಿ.ಟಿ.ಯ ಲೆಕ್ಕ ಬೇಕಿದ್ದರೆ ಅದೂ ಸಿಗುತ್ತದೆ. ನಿಮಗೆ ಕೊಡುವ ಸಿ.ಡಿ.ಯಲ್ಲಿ ಅಥವಾ ಫಿಲ್ಮಿನ ಕೊನೆಯಲ್ಲಿ ಚಿತ್ರಗಳಿಲ್ಲದ, ಬರೀ ಅಂಕಿಗಳಿರುವ ಒಂದು ಪುಟ ಹಲವು ಬಾರಿ ಇರುತ್ತದೆ. ಅದರಲ್ಲಿ Total DLP ಎಂಬ ಸಾಲನ್ನು ಹುಡುಕಿ. ವಯಸ್ಕರ ಹೊಟ್ಟೆಯ ಸಿ.ಟಿ. ಆಗಿದ್ದರೆ ಆ ಸಂಖ್ಯೆಯನ್ನು 0.015ರಿಂದ ಗುಣಿಸಿದರೆ ಮಿಲಿಸೀವರ್ಟಿನ ಒಂದು ಅಂದಾಜು ಬರುತ್ತದೆ. ತಲೆಗೆ ಗುಣಿಸುವ ಸಂಖ್ಯೆ ಬೇರೆ, ಮಕ್ಕಳಿಗೂ ಬೇರೆ. ಇದನ್ನೇ ಎಲ್ಲ ಕಡೆ ಹಾಕಬೇಡಿ. ನಮ್ಮ ಯುವಕನ ಪುಟದಲ್ಲಿ 580 ಎಂದಿತ್ತು. ಗುಣಿಸಿದಾಗ 8.7. ಇಷ್ಟಕ್ಕೇ ಮುಗಿಯಲಿಲ್ಲ. ಮಾತನಾಡುತ್ತಾ ಗೊತ್ತಾದದ್ದೇನೆಂದರೆ, ಹಿಂದಿನ ವರ್ಷ ಗಲ್ಫ್‌ನಲ್ಲಿಯೂ ಇದೇ ನೋವಿಗೆ ಎರಡು ಸಿ.ಟಿ. ಆಗಿದ್ದವು. ಮೂರೂ ಸುಮಾರು ಇಷ್ಟೇ ಎಂದುಕೊಂಡರೆ 26 ಮಿಲಿಸೀವರ್ಟ್; ಪ್ರಕೃತಿಯಿಂದ ಹತ್ತು ಹನ್ನೊಂದು ವರ್ಷಗಳಲ್ಲಿ ಸಿಗುವಷ್ಟು. ಈಗ ಸಮಾಧಾನಕ್ಕಾಗಿ ನಾಲ್ಕನೆಯದು ಬೇಕೆಂದು ಕೇಳುತ್ತಿದ್ದ.

ಇದರಿಂದ ಆಗುವ ಅಪಾಯ ಎಷ್ಟು? ಈ ಕಿರಣಕ್ಕೆ ಜೀವಕೋಶದೊಳಗಿನ ಡಿ.ಎನ್.ಎ. ಎಳೆಯನ್ನು ತುಂಡರಿಸುವ ಶಕ್ತಿಯಿದೆ. ಹೆಚ್ಚಿನದನ್ನು ಜೀವಕೋಶ ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಎಲ್ಲೋ ಒಂದು ಕಡೆ ರಿಪೇರಿ ತಪ್ಪಿದರೆ ಅದು ಹಲವು ವರ್ಷಗಳ ನಂತರ ಕ್ಯಾನ್ಸರ್ ಆಗಬಹುದು. 10 ಮಿಲಿಸೀವರ್ಟ್ ತಗಲಿದ 2000 ಜನರಲ್ಲಿ ಒಬ್ಬರಿಗೆ ಇದರಿಂದಾಗಿ ಮಾರಕ ಕ್ಯಾನ್ಸರ್ ಬರಬಹುದೆಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಇದು ಹೆಚ್ಚಿನ ಪ್ರಮಾಣದ ವಿಕಿರಣ ತಗಲಿದವರನ್ನು ನೋಡಿ ಕೆಳಕ್ಕೆ ಇಳಿಸಿ ಹಾಕಿದ ಲೆಕ್ಕವೇ ಹೊರತು ಎಣಿಸಿ ನೋಡಿದ್ದಲ್ಲ. ಮಕ್ಕಳ ಜೀವಕೋಶಗಳು ಬೇಗ ಬೇಗ ವಿಭಜನೆಯಾಗುವುದರಿಂದಲೂ ಅವರ ಮುಂದೆ ಆಯುಷ್ಯ ಉದ್ದವಿರುವುದರಿಂದಲೂ ಅವರಿಗೆ ಅಪಾಯ ಇದಕ್ಕಿಂತ ಹೆಚ್ಚು. ಅಂದಹಾಗೆ, ಈ ಕಿರಣ ದೇಹದಲ್ಲಿ ಉಳಿದುಕೊಳ್ಳುವುದಿಲ್ಲ. ಸ್ವಿಚ್ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದೆಯೇ? ಎಕ್ಸ್‌ರೇ ತೆಗೆಸಿಕೊಂಡು ಬಂದ ತಾಯಿ ಕೂಡಲೇ ಮಗುವಿಗೆ ಹಾಲುಣಿಸಬಹುದು.

2000ಕ್ಕೆ ಒಂದು ಎಂಬುದು ಸಣ್ಣ ಸಂಖ್ಯೆ. ಅಪೆಂಡಿಕ್ಸ್ ಒಡೆದಿರಬಹುದೆಂಬ ಸಂಶಯವಿದ್ದಾಗ, ಬೈಕಿನಿಂದ ಬಿದ್ದು ವಾಂತಿ ಮಾಡುತ್ತಿರುವವರ ತಲೆಯೊಳಗೆ ರಕ್ತಸ್ರಾವ ಆಗಿದೆಯೇ ಎಂದು ನೋಡಬೇಕಾದಾಗ ಈ ಲೆಕ್ಕ ಹಾಕುತ್ತಾ ಕೂರಬಾರದು. ಅಲ್ಲಿ ಸಿ.ಟಿ. ಕೆಲವೇ ನಿಮಿಷಗಳಲ್ಲಿ ಜೀವ ಉಳಿಸುತ್ತದೆ. ವಿಕಿರಣವಿಲ್ಲದ ಎಂ.ಆರ್.ಐ. ಮಾಡಿ ಎಂದು ಕ್ಯಾಶುವಾಲಿಟಿಯಲ್ಲಿ ಹಟ ಹಿಡಿದವರನ್ನೂ ನಾನು ಕಂಡಿದ್ದೇನೆ, ಅದು ತಪ್ಪು. ಆದರೆ ನೋವು ಹೋದ ಮೇಲೆ, ವೈದ್ಯರು ಬರೆಯದೆ, ಬರೀ ಸಮಾಧಾನಕ್ಕೆ ಮಾಡಿಸುವ ಸಿ.ಟಿ.ಗೆ ಆ ಸಣ್ಣ ಸಂಖ್ಯೆಯೂ ಹೆಚ್ಚೇ.

ಇನ್ನು ಉಮ್ಮನ ಪ್ರಶ್ನೆಗೆ ಬರೋಣ. ಮಾವಿನ ಮರಕ್ಕೆ ಹತ್ತಿಯ ಉಂಡೆಗಳನ್ನು ಸಾವಿರ ಸಲ ಎಸೆದರೂ ಒಂದು ಕಾಯಿ ಬೀಳುವುದಿಲ್ಲ. ಒಂದೇ ಕಲ್ಲು ಗುರಿಗೆ ತಾಗಿದರೆ ಬೀಳುತ್ತದೆ. ಡಿ.ಎನ್.ಎ. ಮುರಿಯುವುದಕ್ಕೂ ಹಾಗೆಯೇ, ಒಂದೊಂದು ಏಟಿಗೂ ಸಾಕಷ್ಟು ಬಲವಿರಬೇಕು. ಎಕ್ಸ್‌ರೇ ಕಿರಣದ ಒಂದೊಂದು ಕಣವೂ ಕಲ್ಲು. ಎಂ.ಆರ್.ಐ.ಯಲ್ಲಿ ಬಳಸುವ ರೇಡಿಯೋ ತರಂಗ ಹತ್ತಿಯ ಉಂಡೆ, ಅದು ಎಫ್.ಎಂ. ರೇಡಿಯೋದ ಬಳಗಕ್ಕೇ ಸೇರಿದ್ದು. ನಮ್ಮ ದೇಹದ ತುಂಬ ನೀರಿದೆ, ನೀರಿನಲ್ಲಿ ಹೈಡ್ರೋಜನ್ ಇದೆ. ಬಲವಾದ ಅಯಸ್ಕಾಂತದೊಳಗೆ ಈ ಹೈಡ್ರೋಜನ್ ಕಣಗಳಲ್ಲಿ ಕೆಲವು ಒಂದೇ ದಿಕ್ಕಿಗೆ ತಿರುಗಿ ನಿಲ್ಲುತ್ತವೆ. ರೇಡಿಯೋ ತರಂಗ ಅವನ್ನು ಸ್ವಲ್ಪ ಓಲಾಡಿಸುತ್ತದೆ, ತರಂಗ ನಿಂತಾಗ ಅವು ಮೊದಲಿನ ಸ್ಥಿತಿಗೆ ಮರಳುತ್ತಾ ತಮ್ಮದೇ ಸಣ್ಣ ಸಂಕೇತ ಕೊಡುತ್ತವೆ. ಚಿತ್ರವಾಗುವುದು ಆ ಸಂಕೇತವೇ. ಕಿವಿಗಡಚಿಕ್ಕುವ ಆ ಟಕಟಕ ಶಬ್ದ, ಒಳಗಿನ ತಂತಿಸುರುಳಿಗಳಲ್ಲಿ ವಿದ್ಯುತ್ತು ಬೇಗ ಬೇಗ ಬದಲಾಗುವಾಗ ಅವು ಅದುರುವ ಶಬ್ದ. ವಿಕಿರಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಅಲ್ಟ್ರಾಸೌಂಡ್ ಇನ್ನೂ ಸರಳ. ಕಿವಿಗೆ ಕೇಳಿಸದಷ್ಟು ತೀಕ್ಷ್ಣವಾದ ಶಬ್ದವನ್ನು ಚರ್ಮದ ಮೂಲಕ ಒಳಗೆ ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಮಾಡುತ್ತಾರೆ. ಶಬ್ದವೆಂದರೆ ಅದುರುವಿಕೆ, ಅದರಲ್ಲಿ ವಿಕಿರಣದ ಮಾತೇ ಇಲ್ಲ. ಗರ್ಭಿಣಿಯರ ಸ್ಕ್ಯಾನಿಂಗ್‌ಗೆ ಫಾರ್ಮ್ ತುಂಬಿಸಿ ಸಹಿ ಹಾಕಿಸಿಕೊಳ್ಳುವುದನ್ನು ಕಂಡು ‘ಏನೋ ಅಪಾಯವಿರಬೇಕು’ ಎಂದುಕೊಳ್ಳುವವರಿದ್ದಾರೆ. ಆ ಸಹಿ ಭ್ರೂಣದ ಲಿಂಗಪತ್ತೆ ತಡೆಯುವ 1994ರ ಕಾನೂನಿಗಾಗಿ, ವಿಕಿರಣಕ್ಕಾಗಿ ಅಲ್ಲ. ಅಲ್ಟ್ರಾಸೌಂಡಿನ ಕೊರತೆಯೆಂದರೆ ಶಬ್ದವು ಗಾಳಿ ಮತ್ತು ಮೂಳೆಯನ್ನು ದಾಟುವುದಿಲ್ಲ. ಕರುಳಿನಲ್ಲಿ ಗಾಳಿ ತುಂಬಿದ್ದರೆ ಅದರ ಹಿಂದಿರುವ ಮೂತ್ರನಾಳದ ನಡುಭಾಗ ಕಾಣುವುದಿಲ್ಲ. ಕಲ್ಲು ಅಲ್ಲಿದ್ದರೆ ಸಿ.ಟಿ. ಬೇಕಾಗಬಹುದು. ಕಲ್ಲಿಗಾಗಿಯೇ ಕಡಿಮೆ ಪ್ರಮಾಣದಲ್ಲಿ ಮಾಡುವ ಸಿ.ಟಿ. ಇದೆ, 3 ಮಿಲಿಸೀವರ್ಟಿನ ಒಳಗೆ ಮುಗಿಯುತ್ತದೆ. ‘ಲೋ ಡೋಸ್ ಆಗುತ್ತದೆಯೇ?’ ಎಂದು ಕೇಳಲು ಸಂಕೋಚ ಬೇಡ. ಹಳೆಯ ಫಿಲ್ಮು, ಸಿ.ಡಿ.ಗಳನ್ನು ಜೊತೆಗೆ ಒಯ್ಯಿರಿ. ಎಷ್ಟೋ ಸಲ ಅವು ಮನೆಯ ಕಪಾಟಿನಲ್ಲಿ ಉಳಿದದ್ದಕ್ಕೇ ಎರಡನೆಯ ಸಿ.ಟಿ. ನಡೆಯುತ್ತದೆ.

ಎಂ.ಆರ್.ಐ.ಯಲ್ಲಿ ವಿಕಿರಣವಿಲ್ಲದಿದ್ದರೂ ಅಪಾಯವಿಲ್ಲವೆಂದಲ್ಲ. ಆ ಅಯಸ್ಕಾಂತ ಯಂತ್ರ ಕೆಲಸ ಮಾಡದಿರುವಾಗಲೂ ಎಳೆಯುತ್ತಲೇ ಇರುತ್ತದೆ. ಪೇಸ್‌ಮೇಕರ್, ಹಿಂದಿನ ಶಸ್ತ್ರಚಿಕಿತ್ಸೆಯ ಕ್ಲಿಪ್ಪು, ಕಣ್ಣಿಗೆ ಎಂದಾದರೂ ಸಿಡಿದ ಕಬ್ಬಿಣದ ಚೂರು, ಇವನ್ನು ಮೊದಲೇ ಹೇಳಬೇಕು. ನಮ್ಮ ಹೆಣ್ಣುಮಕ್ಕಳು ಹಿಜಾಬಿನ ಪಿನ್ನುಗಳನ್ನೂ ಲೋಹದ ಕೂಡಿನ ತಾವೀಜನ್ನೂ ಹೊರಗೇ ತೆಗೆದಿಡಬೇಕು; ಪಿನ್ನಿಲ್ಲದೆ ಸುತ್ತಿಕೊಳ್ಳಬಹುದಾದ ಹತ್ತಿಯ ದುಪಟ್ಟಾ ಜೊತೆಗಿದ್ದರೆ ಅನುಕೂಲ. ಕುತ್ತಿಗೆ, ಎದೆಯ ಎಕ್ಸ್‌ರೇಗೂ ಇವನ್ನು ತೆಗೆಯಲೇಬೇಕು. ಪಿನ್ನಿನ ನೆರಳು ಶ್ವಾಸಕೋಶದ ಮೇಲೆ ಬಿದ್ದರೆ ಇನ್ನೊಮ್ಮೆ ತೆಗೆಯಬೇಕಾಗುತ್ತದೆ, ಕಿರಣ ಎರಡು ಪಟ್ಟು. ಮುಟ್ಟು ತಡವಾಗಿದ್ದರೆ ಅದನ್ನು ಎಕ್ಸ್‌ರೇ ಅಥವಾ ಸಿ.ಟಿ.ಯ ಮೊದಲು ಹೇಳಿಬಿಡಿ.

ಉಮ್ಮ ಮರುವಾರವೇ ಎಂ.ಆರ್.ಐ. ಮಾಡಿಸಿಕೊಂಡರು, ಮಂಡಿಯ ಮೃದ್ವಸ್ಥಿ ಹರಿದಿತ್ತು. ಮಗನನ್ನು ನಾನು ಅವನಿಗೆ ಸಿ.ಟಿ. ಬರೆದಿದ್ದ ಮೂತ್ರರೋಗ ತಜ್ಞರ ಬಳಿಗೇ ಕಳುಹಿಸಿದೆ. ಚೆನ್ನಾಗಿ ನೀರು ಕುಡಿದು, ಮೂತ್ರಕೋಶ ತುಂಬಿಸಿಕೊಂಡು ಬರುವಂತೆ ಹೇಳಿ ಅವರು ಅಲ್ಟ್ರಾಸೌಂಡ್ ಮಾಡಿಸಿದರು. ತುಂಬಿದ ಮೂತ್ರಕೋಶದ ನೀರಿನ ಮೂಲಕ ನಾಳದ ಕೊನೆ ಚೆನ್ನಾಗಿ ಕಾಣುತ್ತದೆ. ಕಲ್ಲು ಇರಲಿಲ್ಲ, ಕಿಡ್ನಿಯ ಊತವೂ ಇಳಿದಿತ್ತು. ಇದಾದ ಮೇಲೆ ಆತನಿಗೆ ನೆನಪಾಯಿತು: ನಾಲ್ಕು ದಿನಗಳ ಹಿಂದೆ ಮೂತ್ರ ಮಾಡುವಾಗ ಏನೋ ಚುಚ್ಚಿ, ಟಣ್ ಎಂದು ಬಿದ್ದ ಹಾಗಾಗಿತ್ತಂತೆ. ಚಹಾ ಸೋಸುವ ಜಾಲರಿ ಹಿಡಿದಿದ್ದರೆ ಆ ಕಲ್ಲು ಯಾವ ಬಗೆಯದೆಂದು ಪರೀಕ್ಷೆ ಮಾಡಿಸಬಹುದಿತ್ತು.